ಎರಡು ಬೆಡ್‌ರೂಮಿನ ಸಾದಾ ಮನೆಗೆ ಜಾಹೀರಾತು: ಏನು ಬರೆಯಬೇಕು, ಯಾವುದನ್ನು ಮುಚ್ಚಬಾರದು

ಪ್ರಶ್ನೆ: ದಾವಣಗೆರೆ ವಿದ್ಯಾನಗರದ ಹತ್ತಿರ ನಮ್ಮದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೆಲಸಕ್ಕೆ ಹೋಗುವ ಹುಡುಗರೋ ಹುಡುಗಿಯರೋ ಬಂದರೆ ಒಳ್ಳೇದು ಅಂತ ಆನ್‌ಲೈನಲ್ಲಿ ಹೀಗೆ ಹಾಕಿದ್ದೆ: ‘ನಗರದ ಹೃದಯಭಾಗದಲ್ಲಿ ವಿಶಾಲವಾದ ಐಷಾರಾಮಿ ಮನೆ, 800 ಚದರ ಅಡಿ, 24 ಗಂಟೆ ನೀರು, ಎಲ್ಲಾ ಸೌಕರ್ಯ ಹತ್ತಿರ, ಬಾಡಿಗೆ 11,000.’ ಫೋನ್ ತುಂಬಾ ಬಂದವು. ಆದರೆ ಮನೆ ನೋಡಿ ಹೋದವರು ಯಾರೂ ತಿರುಗಿ ಮಾತಾಡಲಿಲ್ಲ. ಇರೋದನ್ನ ಇದ್ದ ಹಾಗೇ ಬರೆದರೆ ಯಾರಾದರೂ ಬರ್ತಾರಾ? ಅಳತೆ, ಫೋಟೊ, ಕಟ್ಟಡದ ವಿವರ ಜೊತೆಗೆ ಕಳಿಸಿದ್ದೇನೆ.

ಉತ್ತರ: ಬರ್ತಾರೆ. ಫೋನ್ ಮಾತ್ರ ಈಗಿನಷ್ಟು ಬರುವುದಿಲ್ಲ. ಅದಕ್ಕೆ ಚಿಂತೆ ಬೇಡ.

ಬಾಡಿಗೆ ಜಾಸ್ತಿ ಅನಿಸಿದ್ದರೆ ನಿಮಗೆ ಫೋನೇ ಬರುತ್ತಿರಲಿಲ್ಲ. ಫೋನ್ ಬಂದಿದೆ, ಜನ ಮನೆಯವರೆಗೂ ಬಂದಿದ್ದಾರೆ, ಆಮೇಲೆ ಸುಮ್ಮನಾಗಿದ್ದಾರೆ. ಓದಿದ್ದಕ್ಕೂ ಕಂಡದ್ದಕ್ಕೂ ತಾಳೆಯಾಗದಿದ್ದಾಗ ಹೀಗಾಗುತ್ತದೆ. ‘ಐಷಾರಾಮಿ’ ಅಂತ ಓದಿಕೊಂಡು ಬಂದ ಹುಡುಗಿ 40 ಮೆಟ್ಟಿಲು ಹತ್ತಿ ಚಿಕ್ಕ ರೂಮಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಅಂತ ಅವಳಿಗೆ ಅನಿಸುತ್ತದೆ. ಅಲ್ಲಿಂದ ಮುಂದೆ ನೀರಿನ ಬಗ್ಗೆ, ಅಡ್ವಾನ್ಸ್ ಬಗ್ಗೆ ನೀವು ಹೇಳುವ ನಿಜವನ್ನೂ ಅವಳು ಅನುಮಾನದಿಂದಲೇ ಕೇಳುತ್ತಾಳೆ. ಮೆಟ್ಟಿಲಿರುವುದು, ರೂಮು ಚಿಕ್ಕದು ಅನ್ನುವುದು ಮೊದಲೇ ಗೊತ್ತಿದ್ದು ಬಂದವಳು ಅದೇ ಬಾಗಿಲಲ್ಲಿ ನಿಂತು, ಮಂಚ ಎಲ್ಲಿ ಹಾಕಬಹುದು ಅಂತ ನೋಡುತ್ತಾಳೆ. ನಿಮಗೆ ಬೇಕಾದವಳು ಇವಳು.

ನೀವು ಹಾಕಿದ ಐದು ಮಾತುಗಳಲ್ಲಿ ಓದುವವರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಬಾಡಿಗೆ ಒಂದೇ. ಹೃದಯಭಾಗ ಅಂದರೆ ಯಾವುದು? ದಾವಣಗೆರೆಯಲ್ಲಿ ಒಬ್ಬರಿಗೆ ಅದು ಜಯದೇವ ಸರ್ಕಲ್, ಇನ್ನೊಬ್ಬರಿಗೆ ಪಿ.ಜೆ. ಬಡಾವಣೆ, ಮತ್ತೊಬ್ಬರಿಗೆ ಹಳೇ ಊರು. ವಿದ್ಯಾನಗರ ಈ ಮೂರರಲ್ಲಿ ಯಾವುದೂ ಅಲ್ಲ, ಆಗಬೇಕಾಗಿಯೂ ಇಲ್ಲ. ಕಾಲೇಜು, ಆಸ್ಪತ್ರೆ, ಬ್ಯಾಂಕುಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ ಹುಡುಕುವುದೇ ವಿದ್ಯಾನಗರ, ಶಾಮನೂರು ರಸ್ತೆ, ಎಂಸಿಸಿ ಬಿ ಬ್ಲಾಕ್ ಕಡೆ. ಬಡಾವಣೆಯ ಹೆಸರೇ ನಿಮ್ಮ ದೊಡ್ಡ ಬಂಡವಾಳ. ಅದನ್ನು ನೀವು ಜಾಹೀರಾತಿನಲ್ಲಿ ಬರೆದೇ ಇಲ್ಲ!

ದೂರವನ್ನು ಕಿಲೋಮೀಟರ್‌ಗಿಂತ ನಿಮಿಷದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಆದರೆ ಅಂದಾಜಿಗೆ ಬರೆಯಬೇಡಿ. ವಾರದ ದಿನ ಬೆಳಿಗ್ಗೆ 9ರ ಹೊತ್ತಿಗೆ ನೀವೇ ಸ್ಕೂಟರ್ ತೆಗೆದುಕೊಂಡು ಮನೆಯಿಂದ ಬಾಪೂಜಿ ಆಸ್ಪತ್ರೆಗೆ, ಬಿಐಇಟಿ ಕಾಲೇಜಿಗೆ, ರೈಲ್ವೆ ಸ್ಟೇಷನ್‌ಗೆ ಹೋಗಿ ನೋಡಿ. ಟ್ರಾಫಿಕ್ ಜಾಸ್ತಿ ಇರುವ ಕಡೆ ಹಾದು ಹೋಗಬೇಕಾದ ದಾರಿಯಾದರೆ ಭಾನುವಾರದ ಲೆಕ್ಕ ಸೋಮವಾರಕ್ಕೆ ಹೊಂದುವುದಿಲ್ಲ. ಸಿಟಿ ಬಸ್ ಸ್ಟಾಪಿಗೆ ನಡೆದು ಹೋಗಿ, ಅದರ ನಿಮಿಷವನ್ನೂ ಬರೆದುಕೊಳ್ಳಿ. ಗಾಡಿ ಇಲ್ಲದ ಹುಡುಗಿಯರು ಮೊದಲು ನೋಡುವುದು ಅದನ್ನೇ.

ಈಗ 800 ಚದರ ಅಡಿ. ಇದು ಬಿಲ್ಡರ್ ನಿಮಗೆ ಮಾರುವಾಗ ಹೇಳಿದ ಸೂಪರ್ ಬಿಲ್ಟಪ್ ಲೆಕ್ಕ. ಅದರಲ್ಲಿ ಮೆಟ್ಟಿಲು, ಎಲ್ಲರೂ ಓಡಾಡುವ ಜಾಗ, ಹೊರಗೋಡೆ ಎಲ್ಲದರ ಪಾಲು ಸೇರಿರುತ್ತದೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಅಂತ ಹೇಳುವುದು ಒಳಗೆ ಬಳಸಲು ಸಿಗುವ ಜಾಗವನ್ನು. ಹೊರಗೋಡೆ, ಬಾಲ್ಕನಿ ಅದರಲ್ಲಿ ಬರುವುದಿಲ್ಲ, ಒಳಗಿನ ಅಡ್ಡಗೋಡೆಗಳು ಬರುತ್ತವೆ. ನೀವು ಕಳಿಸಿದ ಅಳತೆಯನ್ನು ಕೂಡಿಸಿದೆ: ಹಾಲ್ 16x10 ಅಡಿ, ದೊಡ್ಡ ರೂಮು 11x10, ಚಿಕ್ಕದು 9x9, ಅಡುಗೆಮನೆ 9x7, ಎರಡು ಬಾತ್‌ರೂಮು ತಲಾ 7x4, ನಡುವಿನ ಓಣಿ 10x3. ಎಲ್ಲ ಸೇರಿ ಸರಿಯಾಗಿ 500 ಚದರ ಅಡಿ. ಬಾಡಿಗೆಗೆ ಬರುವವರು ಬದುಕುವುದು ಈ ಐನೂರರೊಳಗೆ. 800 ಅಂತ ಓದಿಕೊಂಡು ಬಂದವರಿಗೆ ಇದು ಇಕ್ಕಟ್ಟು ಅನಿಸುತ್ತದೆ. ‘ಒಳಗೆ ಬಳಸುವ ಜಾಗ 500 ಚದರ ಅಡಿ’ ಅಂತ ಓದಿ ಬಂದವರಿಗೆ ನಿಮ್ಮ 16 ಅಡಿಯ ಹಾಲ್ ದೊಡ್ಡದಾಗಿಯೇ ಕಾಣುತ್ತದೆ. ಮನೆ ಅದೇ ಅಲ್ವಾ?

ಒಟ್ಟು ಅಳತೆಗಿಂತ ಒಂದೊಂದು ರೂಮಿನ ಅಳತೆ ಇನ್ನೂ ಮುಖ್ಯ. ಅದರಲ್ಲೂ ಚಿಕ್ಕ ರೂಮಿನದು. ಇಬ್ಬರು ಗೆಳೆಯರು ಸೇರಿ ಮನೆ ಹಿಡಿಯುವಾಗ ಮಾತು ಮುರಿಯುವುದು ಅಲ್ಲೇ: ಚಿಕ್ಕದು ಯಾರಿಗೆ? ಆ ರೂಮನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 9x9 ಅಡಿಯಲ್ಲಿ ಒಂದು ಗೋಡೆಗೆ 2 ಅಡಿ ಆಳದ ಕಬೋರ್ಡ್ ಇದೆ. ಉಳಿದದ್ದು 9x7. ಬಾಗಿಲು ಒಳಕ್ಕೆ ತೆರೆಯುತ್ತದೆ, ಹಾಗಾಗಿ ಒಂದು ಮೂಲೆಯಲ್ಲಿ ಸುಮಾರು 3 ಅಡಿ ಏನೂ ಇಡುವ ಹಾಗಿಲ್ಲ. ಆರೂವರೆ ಅಡಿ ಉದ್ದ, 5 ಅಡಿ ಅಗಲದ ಡಬಲ್ ಕಾಟ್ ಹಾಕಿದರೆ ಕಬೋರ್ಡಿನ ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ. ಅದೇ 3 ಅಡಿ ಅಗಲದ ಸಿಂಗಲ್ ಕಾಟ್ ಆದರೆ ಗೋಡೆಗೆ ತಾಗಿ ಕೂರುತ್ತದೆ, ಕಿಟಕಿ ಕೆಳಗೆ 4x2 ಅಡಿಯ ಟೇಬಲ್ ಹಿಡಿಸುತ್ತದೆ, ನಡುವೆ ಓಡಾಡಲು ಜಾಗ ಉಳಿಯುತ್ತದೆ. ಹಾಗಾದರೆ ಬರೆಯಬೇಕಾದದ್ದು ಇಷ್ಟೇ: ‘ಚಿಕ್ಕ ರೂಮು 9x9 ಅಡಿ. ಒಬ್ಬರಿಗೆ ಸರಿ. ಸಿಂಗಲ್ ಕಾಟ್, ಕಿಟಕಿ ಪಕ್ಕ ಕೆಲಸದ ಟೇಬಲ್ ಹಿಡಿಯುತ್ತದೆ. ಡಬಲ್ ಕಾಟ್ ಹಿಡಿಯುವುದಿಲ್ಲ.’

ಈ ಕೊನೆಯ ವಾಕ್ಯವನ್ನು ತೆಗೆದುಬಿಡಲು ನಿಮಗೆ ಮನಸ್ಸಾಗುತ್ತದೆ. ತೆಗೆಯಬೇಡಿ. ಅದೊಂದು ಇರುವುದರಿಂದಲೇ ಹಿಂದಿನ ವಾಕ್ಯವನ್ನು ಜನ ನಂಬುತ್ತಾರೆ. ಮನೆಯಿಂದ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವನಿಗೆ, ಬ್ಯಾಂಕ್ ಪರೀಕ್ಷೆಗೆ ಓದುವವಳಿಗೆ ಕಿಟಕಿ ಪಕ್ಕದ ಟೇಬಲ್ ಅಂದರೆ ದೊಡ್ಡ ಮಂಚಕ್ಕಿಂತ ಹೆಚ್ಚು. ಬೇಕಿದ್ದರೆ ಇನ್ನೊಂದು ಸಾಲು ಸೇರಿಸಿ: ಬಾಡಿಗೆಯನ್ನು ದೊಡ್ಡ ರೂಮಿನವರು 6,000, ಚಿಕ್ಕ ರೂಮಿನವರು 5,000 ಅಂತ ಹಂಚಿಕೊಳ್ಳಬಹುದು. ಹಂಚಿಕೊಳ್ಳುವುದು ಅವರಿಗೆ ಬಿಟ್ಟದ್ದು, ಆದರೆ ಲೆಕ್ಕ ಕಣ್ಣಿಗೆ ಬಿದ್ದರೆ ಅವರ ನಡುವಿನ ಮಾತು ಬೇಗ ಮುಗಿಯುತ್ತದೆ.

ನೀರಿನ ವಿಷಯಕ್ಕೆ ಬರುತ್ತೇನೆ. ದಾವಣಗೆರೆಯಲ್ಲಿ ‘24 ಗಂಟೆ ನೀರು’ ಅಂತ ಬರೆದರೆ ಊರಿನವರು ನಂಬುವುದಿಲ್ಲ, ಹೊರಗಿನಿಂದ ಬಂದವರು ನಂಬಿ ಮೋಸ ಹೋದೆವು ಅಂದುಕೊಳ್ಳುತ್ತಾರೆ. ನಮ್ಮ ಊರಿಗೆ ನೀರು ಬರುವುದು ತುಂಗಭದ್ರಾ ಹೊಳೆಯಿಂದ, ಮತ್ತೆ ಭದ್ರಾ ನಾಲೆಯಿಂದ ತುಂಬಿಸುವ ಕುಂದುವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ನಾಲೆಗೆ ನೀರು ನಿಲ್ಲಿಸಿದ ತಿಂಗಳುಗಳಲ್ಲಿ, ಹೊಳೆ ಬತ್ತಿದಾಗ, ನಲ್ಲಿ ನೀರಿನ ಅಂತರ ಹೆಚ್ಚುತ್ತದೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಬಾಡಿಗೆಯವರು ತಿಳಿಯಬೇಕಾದದ್ದು ನಿಮ್ಮ ಕಟ್ಟಡ ಅದನ್ನು ಹೇಗೆ ತಡೆದುಕೊಳ್ಳುತ್ತದೆ ಅನ್ನುವುದು.

ಅದನ್ನು ಲೆಕ್ಕ ಹಾಕಿ ನೋಡಬಹುದು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಯೋಜನೆಗಳಲ್ಲಿ ಹಿಡಿಯುವ ಅಳತೆ. ನಿಮ್ಮ ಕಟ್ಟಡದಲ್ಲಿ 6 ಮನೆ, 20 ಜನ ಅಂತ ಬರೆದಿದ್ದೀರಿ. ದಿನಕ್ಕೆ 2,700 ಲೀಟರ್ ಆಯಿತು. ಸಂಪು 10,000, ಮೇಲಿನ ಟ್ಯಾಂಕುಗಳು ಸೇರಿ 3,000. ಎರಡೂ ತುಂಬಿದ್ದರೆ ನಾಲ್ಕೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ನಡೆಯುತ್ತದೆ. ನಿಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುವಾಗ ತೊಂದರೆಯೇ ಇಲ್ಲ. ಬೇಸಿಗೆಯಲ್ಲಿ ಅಂತರ ಐದಾರು ದಿನ ಆದರೆ ಬೋರ್ ನೀರು ಬಿಡಬೇಕಾಗುತ್ತದೆ. ಆ ನೀರು ಗಡಸು. ನಲ್ಲಿಯ ಬಾಯಿಗೆ ಬಿಳಿ ಕಲೆ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ, ಗೀಸರ್ ಬೇಗ ಕೆಡುತ್ತದೆ. ನೀವು ಕಳಿಸಿದ ಬಾತ್‌ರೂಮಿನ ಫೋಟೊದಲ್ಲೇ ಆ ಬಿಳಿ ಕಲೆ ಕಾಣುತ್ತಿದೆ. ಕಣ್ಣಿದ್ದವರು ನೋಡಿಯೇ ನೋಡುತ್ತಾರೆ. ಹಾಗಾಗಿ ನೀವೇ ಹೇಳಿ: ‘ಮೂರು ದಿನಕ್ಕೊಮ್ಮೆ ನಲ್ಲಿ ನೀರು, ಸಂಪಿನಿಂದ ದಿನವೂ ಮನೆಗೆ ಬರುತ್ತದೆ. ಬೇಸಿಗೆಯಲ್ಲಿ ಬೋರ್ ನೀರು ಬೆರೆಯುತ್ತದೆ, ಅದು ಸ್ವಲ್ಪ ಗಡಸು. ಕುಡಿಯುವ ನೀರಿಗೆ ಶುದ್ಧ ನೀರಿನ ಘಟಕ ಮುಂದಿನ ಬೀದಿಯಲ್ಲಿದೆ.’ ಇದನ್ನು ಓದಿದ ಯಾವ ಹುಡುಗನೂ ಓಡಿಹೋಗುವುದಿಲ್ಲ. ಅವನು ಈಗಿರುವ ಮನೆಯಲ್ಲೂ ಹೀಗೇ ಇದೆ, ಅಲ್ಲಿ ಹೇಳಿದವರಿಲ್ಲ ಅಷ್ಟೇ.

ಮೇಲಿನ ಮಹಡಿಯ ಬಿಸಿಲಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ಕಟ್ಟಡಕ್ಕೆ ಎರಡೇ ಮಹಡಿ, ನಿಮ್ಮದು ಎರಡನೆಯದು, ಅಂದರೆ ನಿಮ್ಮ ತಲೆಯ ಮೇಲೆ ನೇರ ತಾರಸಿ. ಏಪ್ರಿಲ್, ಮೇನಲ್ಲಿ ಆರ್‌ಸಿಸಿ ಹಗಲೆಲ್ಲ ಕಾದು ರಾತ್ರಿ ಒಳಗೆ ಬಿಸಿ ಬಿಡುತ್ತದೆ. ಜನವರಿಯಲ್ಲಿ ಮನೆ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ, ಏಪ್ರಿಲ್‌ನಲ್ಲಿ ಗೊತ್ತಾಗಿ ಮೇನಲ್ಲಿ ಖಾಲಿ ಮಾಡುತ್ತಾರೆ. ಇದಕ್ಕೆ ಬರೆಯುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಬೇಸಿಗೆಗೆ ಮುಂಚೆ ತಾರಸಿಗೆ ಬಿಸಿಲು ತಡೆಯುವ ಬಿಳಿ ಪೇಂಟ್ ಹೊಡೆಸಿ. ಅದಕ್ಕೆ ದುಡ್ಡಿಲ್ಲದಿದ್ದರೆ ಸುಣ್ಣವಾದರೂ ಹೊಡೆಸಿ, ಮಳೆಗೆ ತೊಳೆದುಹೋದರೆ ಮುಂದಿನ ವರ್ಷ ಮತ್ತೆ ಹೊಡೆಸಬಹುದು. ಮನೆ ತಣ್ಣಗಾಗಿಬಿಡುವುದಿಲ್ಲ, ಆದರೆ ಸಂಜೆ ಒಳಗೆ ಕಾಲಿಟ್ಟಾಗ ವ್ಯತ್ಯಾಸ ತಿಳಿಯುತ್ತದೆ. ಆಮೇಲೆ ‘ಮೇಲೆ ತಾರಸಿ ಇರುವುದರಿಂದ ಬೇಸಿಗೆಯಲ್ಲಿ ಮಧ್ಯಾಹ್ನ ಬಿಸಿ ಇರುತ್ತದೆ, ತಾರಸಿಗೆ ಬಿಳಿ ಪೇಂಟ್ ಹೊಡೆಸಿದ್ದೇವೆ’ ಅಂತ ಬರೆಯಿರಿ. ಅದೇ ತಾರಸಿಯ ಒಳ್ಳೇ ಮಾತನ್ನೂ ಅದರ ಪಕ್ಕದಲ್ಲೇ ಹೇಳಿ: ಬಟ್ಟೆ ಒಣಗಿಸಲು ಜಾಗ, ಮೇಲಿಂದ ಯಾರೂ ಓಡಾಡುವ ಸದ್ದಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಹಗಲು ಮಲಗುವ ನರ್ಸ್‌ಗಳಿಗೆ ಸದ್ದಿಲ್ಲ ಅನ್ನುವುದು ತುಂಬಾ ದೊಡ್ಡ ವಿಷಯ.

ಯಾವ ಕೊರತೆಯನ್ನು ಬರೆಯಬೇಕು, ಯಾವುದನ್ನು ಬೇಡ? ರಿಪೇರಿಯಾಗುವಂಥದ್ದನ್ನು ಬರೆಯುವುದೇ ಬೇಡ, ರಿಪೇರಿ ಮಾಡಿಸಿ. ಸೋರುವ ನಲ್ಲಿ, ಬಿಗಿಯಾಗಿ ಕೂರದ ಚಿಲಕ, ಉರಿಯದ ಬಲ್ಬು, ಇವನ್ನು ‘ಬಂದ ಮೇಲೆ ಮಾಡಿಸಿಕೊಡ್ತೀವಿ’ ಅಂದರೆ ಯಾರೂ ನಂಬುವುದಿಲ್ಲ. ಬದಲಾಯಿಸಲು ಆಗದ್ದನ್ನು ತಪ್ಪದೆ ಬರೆಯಿರಿ. ನಿಮ್ಮ ಮನೆಯಲ್ಲಿ ಅಂಥವು ಮೆಟ್ಟಿಲು, ಚಿಕ್ಕ ರೂಮು, ನೀರು, ಬಿಸಿಲು. ನಾಲ್ಕೇ. ದೊಡ್ಡ ರೂಮಿನ ಗೋಡೆ ಕೆಳಗೆ ಪೇಂಟ್ ಉಬ್ಬಿ, ಮುಟ್ಟಿದರೆ ಬಿಳಿ ಪುಡಿ ಉದುರುವ ಹಾಗೆ ಫೋಟೊದಲ್ಲಿ ಕಾಣುತ್ತಿದೆ. ಅದು ಒಳಗಿನ ತೇವ. ಗೋಡೆಯ ಆ ಕಡೆ ಬಾತ್‌ರೂಮ್ ಇರುವುದರಿಂದ ಪೈಪು ಅಥವಾ ಟೈಲ್ಸ್ ಸಂದಿಯಿಂದ ನೀರು ಇಳಿಯುತ್ತಿರಬೇಕು. ಅದರ ಮೇಲೆ ಸುಮ್ನೆ ಪೇಂಟ್ ಹೊಡೆಸಿದರೆ ಮಳೆಗಾಲದ ಹೊತ್ತಿಗೆ ಮತ್ತೆ ಉಬ್ಬುತ್ತದೆ. ಆಗ ನೀವು ಬರೆದ ಎಲ್ಲ ನಿಜವೂ ಸುಳ್ಳಿನ ಲೆಕ್ಕಕ್ಕೆ ಹೋಗುತ್ತದೆ. ಮೊದಲು ಪ್ಲಂಬರ್ ಕರೆಸಿ, ಆಮೇಲೆ ಪೇಂಟರ್.

ಕೊರತೆಗಳನ್ನು ಎಲ್ಲಿ ಬರೆಯಬೇಕು ಅನ್ನುವುದೂ ಮುಖ್ಯ. ಮೊದಲ ಸಾಲಿಗೇ ಹಾಕಿದರೆ ಜನ ಮುಂದೆ ಓದುವುದಿಲ್ಲ. ಕೊನೆಗೆ ಒಟ್ಟಿಗೆ ಗುಡ್ಡೆ ಹಾಕಿದರೆ ಷರತ್ತಿನ ಹಾಗೆ ಕಾಣುತ್ತದೆ. ಆಯಾ ವಿಷಯ ಬಂದ ಕಡೆಯೇ, ಅದನ್ನು ಹೇಗೆ ನಿಭಾಯಿಸಬಹುದು ಅನ್ನುವುದರ ಜೊತೆ ಬರಲಿ. ಮಹಡಿ ಹೇಳುವಾಗಲೇ ಮೆಟ್ಟಿಲು, ರೂಮಿನ ಅಳತೆ ಹೇಳುವಾಗಲೇ ಮಂಚ.

ದುಡ್ಡಿನ ವಿಷಯದಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದವರು ಬಾಡಿಗೆಗಿಂತ ಹೆಚ್ಚು ಹೆದರುವುದು ಹೇಳದೇ ಉಳಿದ ಖರ್ಚಿಗೆ. ನಿಮ್ಮ ಬಾಡಿಗೆ 11,000, ಮೇಂಟೆನೆನ್ಸ್ 800. ಎರಡನ್ನೂ ಸೇರಿಸಿ ತಿಂಗಳಿಗೆ 11,800 ಅಂತ ಬರೆಯಿರಿ, ಇಬ್ಬರಾದರೆ ತಲಾ 5,900 ಅಂತಲೂ ಬರೆಯಿರಿ. 800ರಲ್ಲಿ ಏನೇನು ಬರುತ್ತದೆ ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿ. ಅಡ್ವಾನ್ಸ್ 50,000 ಅಂದಿದ್ದೀರಿ, ಸರಿ. ಆದರೆ ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಹಿಡಿದುಕೊಳ್ಳುವ ಪದ್ಧತಿ ನಿಮ್ಮಲ್ಲಿದ್ದರೆ ಎಷ್ಟು ಅಂತ ಈಗಲೇ ಹೇಳಿಬಿಡಿ. ನನ್ನ ಅನುಭವದಲ್ಲಿ ಮಾಲೀಕರಿಗೂ ಬಾಡಿಗೆಯವರಿಗೂ ಕೊನೆಯ ದಿನ ಜಗಳವಾಗುವುದು ಹೆಚ್ಚಾಗಿ ಈ ಒಂದು ಬಾಬ್ತಿಗೆ. ಬ್ಯಾಂಕಿನವರಿಗೆ, ಮೆಡಿಕಲ್ ರೆಪ್‌ಗಳಿಗೆ ಯಾವಾಗ ಬೇಕಾದರೂ ವರ್ಗವಾಗಬಹುದು. ಹಾಗಾಗಿ ಎಷ್ಟು ದಿನ ಮೊದಲು ಹೇಳಬೇಕು, 11 ತಿಂಗಳ ಕರಾರಿನ ನಡುವೆ ಹೋದರೆ ಏನಾದರೂ ಹಿಡಿಯುತ್ತೀರಾ, ಇದನ್ನೂ ಬರೆಯಿರಿ.

ಕರೆಂಟಿನ ಬಗ್ಗೆ ‘ಗೃಹಜ್ಯೋತಿ ಇದೆ, ಬಿಲ್ ಇಲ್ಲ’ ಅಂತ ಬರೆಯುವವರನ್ನು ನೋಡುತ್ತೇನೆ. ಹಾಗೆ ಬರೆಯಬೇಡಿ. ಗೃಹಜ್ಯೋತಿ ಬಾಡಿಗೆಯವರಿಗೂ ಸಿಗುತ್ತದೆ ನಿಜ. ಆದರೆ 200 ಯೂನಿಟ್ ಅನ್ನುವುದು ಮೇಲಿನ ಮಿತಿ. ಒಂದೊಂದು ಮನೆಗೆ ಉಚಿತವಾಗಿ ಸಿಗುವ ಯೂನಿಟ್ಟು ಬೇರೆ ಬೇರೆ, ಅದಕ್ಕಿಂತ ಜಾಸ್ತಿ ಬಳಸಿದರೆ ಜಾಸ್ತಿಯಾದದ್ದಕ್ಕೆ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಹೊಸದಾಗಿ ಬಂದವರು ತಮ್ಮ ಆಧಾರ್ ಕೊಟ್ಟು ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಹಳೇ ಬಾಡಿಗೆಯವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ಬಿಡಿಸಬೇಕು. ಇದನ್ನು ನೀವು ಮುಂಚೆಯೇ ಅವರಿಗೆ ಹೇಳಿ ಮಾಡಿಸಿಟ್ಟು, ‘ಬೆಸ್ಕಾಂ ಮೀಟರ್ ಪ್ರತ್ಯೇಕ, ಗೃಹಜ್ಯೋತಿಗೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಬಹುದು’ ಅಂತ ಬರೆದರೆ ಸಾಕು. ಅಷ್ಟು ಮಾತ್ರ ನಿಮ್ಮ ಕೈಯಲ್ಲಿರುವುದು.

ಇನ್ನು ಯಾರಿಗೆ ಕೊಡುತ್ತೀರಿ ಅನ್ನುವುದು. ‘ಬ್ಯಾಚುಲರ್ಸ್ ಆಗುತ್ತಾ?’ ಅನ್ನುವ ಪ್ರಶ್ನೆಗೆ ಜಾಹೀರಾತಿನಲ್ಲಿ ಉತ್ತರ ಇರದಿದ್ದರೆ ಅರ್ಧ ಫೋನು ಬರೀ ಅದಕ್ಕೇ ಬರುತ್ತದೆ. ಬರೆಯುವ ಮೊದಲು ನಿಮ್ಮ ಕಟ್ಟಡದ ಉಳಿದ ಐದು ಮನೆಯವರ ಹತ್ತಿರ ಮಾತಾಡಿ. ನೀವು ಒಪ್ಪಿ, ಪಕ್ಕದ ಮನೆಯವರು ಒಪ್ಪದಿದ್ದರೆ ಅನುಭವಿಸುವವರು ಆ ಹುಡುಗರು. ಗೇಟು ರಾತ್ರಿ ಎಷ್ಟಕ್ಕೆ ಹಾಕುತ್ತಾರೆ, ಕೀ ಕೊಡುತ್ತಾರಾ, ಅದನ್ನು ಕೇಳಿಕೊಳ್ಳಿ. ಅಡುಗೆಯಲ್ಲಿ ಮಾಂಸ ಬೇಡ ಅನ್ನುವ ನಿಯಮ ಕಟ್ಟಡದಲ್ಲಿ ಇದ್ದರೆ ಮುಚ್ಚುಮರೆ ಇಲ್ಲದೆ ಬರೆಯಿರಿ, ಇಲ್ಲದಿದ್ದರೆ ‘ಅಡುಗೆಗೆ ನಿರ್ಬಂಧ ಇಲ್ಲ’ ಅಂತ ಬರೆಯಿರಿ. ನಿಮ್ಮ ಪತ್ರದ ಪ್ರಕಾರ ಇಲ್ಲ. ಜಾತಿ ಕೇಳುವುದನ್ನು ಮಾತ್ರ ಜಾಹೀರಾತಿನಿಂದಲೂ ಫೋನಿನಿಂದಲೂ ಪೂರ್ತಿ ಬಿಡಿ. ‘ಯಾವ ಜನ?’ ಅಂತ ಕೇಳಿಸಿಕೊಂಡು ಫೋನ್ ಇಟ್ಟ ಎಷ್ಟೋ ಒಳ್ಳೇ ಹುಡುಗ ಹುಡುಗಿಯರು ನನಗೆ ಗೊತ್ತು. ಮನೆಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ನಿಯಮ ಮಾಡಿ. ಹುಟ್ಟಿಗೆ ನಿಯಮ ಮಾಡಬೇಡಿ. ‘ಡೀಸೆಂಟ್’ ಅನ್ನುವ ಮಾತೂ ಬೇಡ. ಅದರ ಬದಲು ‘ರಾತ್ರಿ 10ರ ಮೇಲೆ ಜೋರಾದ ಮ್ಯೂಸಿಕ್ ಬೇಡ’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಒಂದು ಸಣ್ಣ ವಿಷಯ. ಜನ ಹುಡುಕುವಾಗ ಟೈಪ್ ಮಾಡುವುದು 2BHK Davanagere ಅಂತ. ಶೀರ್ಷಿಕೆಯಲ್ಲಿ ಅಷ್ಟು ಇರಲಿ, ಉಳಿದದ್ದು ಕನ್ನಡದಲ್ಲೇ ಇರಲಿ. ಫೋನಿನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ, ಹಾಗಾಗಿ ಬಡಾವಣೆ, ಒಟ್ಟು ಖರ್ಚು, ಯಾರಿಗೆ, ಯಾವತ್ತಿನಿಂದ, ಈ ನಾಲ್ಕು ಅಲ್ಲೇ ಬರಬೇಕು.

ನಿಮ್ಮ ಮನೆಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ. ನಿಮಿಷಗಳನ್ನು ನೀವು ಓಡಿಸಿ ನೋಡಿ ಸರಿಮಾಡಿಕೊಳ್ಳಿ.

2BHK Davanagere, ವಿದ್ಯಾನಗರ: ಕೆಲಸಕ್ಕೆ ಹೋಗುವ 2–3 ಜನರಿಗೆ

ತಿಂಗಳಿಗೆ ಒಟ್ಟು 11,800 (ಬಾಡಿಗೆ 11,000, ಮೇಂಟೆನೆನ್ಸ್ 800). ಇಬ್ಬರಾದರೆ ತಲಾ 5,900. ಮುಂದಿನ ತಿಂಗಳು 1ರಿಂದ ಖಾಲಿ. ಗೆಳೆಯರು, ಗೆಳತಿಯರು, ಅಣ್ಣ ತಂಗಿ, ಹೊಸದಾಗಿ ಮದುವೆಯಾದವರು, ಯಾರಾದರೂ ಸರಿ. ಮಾಲೀಕರೇ ಕೊಡುತ್ತಿರುವುದು, ಬ್ರೋಕರ್ ಇಲ್ಲ.

ಮನೆ ಎರಡನೇ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ, 40 ಮೆಟ್ಟಿಲು. ಒಳಗೆ ಬಳಸುವ ಜಾಗ ಸುಮಾರು 500 ಚದರ ಅಡಿ, ಜೊತೆಗೆ ಚಿಕ್ಕ ಬಾಲ್ಕನಿ. ಹಾಲ್ 16x10 ಅಡಿ, ಬೆಳಿಗ್ಗೆ ಚೆನ್ನಾಗಿ ಬೆಳಕು ಬರುತ್ತದೆ. ದೊಡ್ಡ ರೂಮು 11x10, ಡಬಲ್ ಕಾಟ್ ಹಿಡಿಯುತ್ತದೆ, ಬಾತ್‌ರೂಮ್ ಅದಕ್ಕೇ ಸೇರಿದೆ. ಚಿಕ್ಕ ರೂಮು 9x9, ಒಬ್ಬರಿಗೆ ಸರಿ: ಸಿಂಗಲ್ ಕಾಟ್, ಕಿಟಕಿ ಪಕ್ಕ ಕೆಲಸದ ಟೇಬಲ್ ಹಿಡಿಯುತ್ತದೆ, ಡಬಲ್ ಕಾಟ್ ಹಿಡಿಯುವುದಿಲ್ಲ. ಎರಡೂ ರೂಮಿಗೆ ಕಬೋರ್ಡ್ ಇದೆ. ಟೈಲ್ಸ್ ಹಳೆಯವು, ಒಡೆದಿಲ್ಲ. ಫ್ಯಾನು, ಲೈಟು, ಒಂದು ಗೀಸರ್, ವಾಷಿಂಗ್ ಮಷೀನಿಗೆ ನಲ್ಲಿ ಮತ್ತು ಪಾಯಿಂಟ್ ಇವೆ. ಮಂಚ, ಫ್ರಿಜ್, ಗ್ಯಾಸ್ ನೀವು ತರಬೇಕು.

ಮೂರು ದಿನಕ್ಕೊಮ್ಮೆ ನಲ್ಲಿ ನೀರು, ಸಂಪಿನಿಂದ ದಿನವೂ ಮನೆಗೆ ಬರುತ್ತದೆ. ಬೇಸಿಗೆಯಲ್ಲಿ ಬೋರ್ ನೀರು ಬೆರೆಯುತ್ತದೆ, ಅದು ಸ್ವಲ್ಪ ಗಡಸು. ಶುದ್ಧ ಕುಡಿಯುವ ನೀರಿನ ಘಟಕ ಮುಂದಿನ ಬೀದಿಯಲ್ಲಿದೆ. ಮೇಲೆ ತಾರಸಿ ಇರುವುದರಿಂದ ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಬಿಸಿ ಇರುತ್ತದೆ. ತಾರಸಿಗೆ ಬಿಳಿ ಪೇಂಟ್ ಹೊಡೆಸಿದೆ. ಬಟ್ಟೆ ಒಣಗಿಸಲು ತಾರಸಿ ಬಳಸಬಹುದು. ಮೇಲಿನಿಂದ ಸದ್ದಿಲ್ಲ, ರಾತ್ರಿ ಡ್ಯೂಟಿಯವರಿಗೆ ಅನುಕೂಲ.

ಬೈಕಿನಲ್ಲಿ ಬಾಪೂಜಿ ಆಸ್ಪತ್ರೆಗೆ 10 ನಿಮಿಷ, ರೈಲ್ವೆ ಸ್ಟೇಷನ್‌ಗೆ 15 ನಿಮಿಷ. ಸಿಟಿ ಬಸ್ ಸ್ಟಾಪಿಗೆ ನಡೆದರೆ 5 ನಿಮಿಷ. ಎರಡು ಬೈಕ್ ನಿಲ್ಲಿಸಲು ಒಳಗೆ ಜಾಗ ಇದೆ, ಕಾರಿಗೆ ಇಲ್ಲ.

ಅಡ್ವಾನ್ಸ್ 50,000. ಖಾಲಿ ಮಾಡುವಾಗ ಪೇಂಟಿಂಗ್‌ಗೆ 6,000 ಹಿಡಿದು ಉಳಿದದ್ದು ಅದೇ ದಿನ ವಾಪಸ್. 11 ತಿಂಗಳ ಕರಾರು, ಬಿಡುವುದಾದರೆ ಒಂದು ತಿಂಗಳು ಮೊದಲು ಹೇಳಿದರೆ ಸಾಕು. ಬೆಸ್ಕಾಂ ಮೀಟರ್ ಪ್ರತ್ಯೇಕ, ಗೃಹಜ್ಯೋತಿಗೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಬಹುದು. ಅಡುಗೆಗೆ ನಿರ್ಬಂಧ ಇಲ್ಲ. ಗೇಟು ರಾತ್ರಿ 10.30ಕ್ಕೆ ಹಾಕುತ್ತಾರೆ, ನಿಮಗೊಂದು ಕೀ ಕೊಡುತ್ತೇವೆ. 10ರ ಮೇಲೆ ಜೋರಾದ ಮ್ಯೂಸಿಕ್ ಬೇಡ.

ಸಂಜೆ 5ರಿಂದ 8, ಭಾನುವಾರ ಇಡೀ ದಿನ ಮನೆ ನೋಡಬಹುದು. ಮನೆ ನೋಡುವ ಮೊದಲು ಯಾರಿಗೂ ದುಡ್ಡು ಕಳಿಸಬೇಡಿ.

ಕೊನೆಯ ಆ ಸಾಲು ಸುಮ್ನೆ ಹಾಕಿದ್ದಲ್ಲ. ಬೇರೆಯವರ ಮನೆಯ ಫೋಟೊ ಕದ್ದು ಹಾಕಿ, ಟೋಕನ್ ಅಂತ ಹಣ ಹಾಕಿಸಿಕೊಂಡು ಫೋನ್ ಆಫ್ ಮಾಡುವ ಮೋಸಗಾರರಿದ್ದಾರೆ. ಹೊರ ಊರಿನಿಂದ ಕೆಲಸಕ್ಕೆ ಬರುವ ಹುಡುಗರೇ ಅದಕ್ಕೆ ಹೆಚ್ಚು ಸಿಗುವುದು. ಫ್ಲ್ಯಾಟಿನ ನಂಬರ್, ಪೂರ್ತಿ ವಿಳಾಸ ಜಾಹೀರಾತಿನಲ್ಲಿ ಬೇಡ, ಬರುವವರಿಗೆ ಫೋನಿನಲ್ಲಿ ಹೇಳಿ.

ಇದು ಉದ್ದ ಆಯಿತು ಅನಿಸಬಹುದು. ಮೊದಲ ಪ್ಯಾರಾ ಬೇಡವಾದವರನ್ನು ಅಲ್ಲೇ ಕಳಿಸಿಬಿಡುತ್ತದೆ. ಅದನ್ನು ದಾಟಿ ಬಂದವರು ನಿಜವಾಗಿ ಮನೆ ಹುಡುಕುತ್ತಿರುವವರು, ಅವರಿಗೆ ಎಷ್ಟು ವಿವರ ಕೊಟ್ಟರೂ ಓದುತ್ತಾರೆ. ಇಷ್ಟವಾಗುವ ಮಾತುಗಳೂ ಇದರಲ್ಲಿ ಇವೆ ನೋಡಿ: ಬೆಳಕು, ಟೇಬಲ್, ತಾರಸಿ, ಸದ್ದಿಲ್ಲದ ಮಧ್ಯಾಹ್ನ, ಕೈಗೊಂದು ಗೇಟಿನ ಕೀ. ಹಾಲಿಗೆ ಬೆಳಿಗ್ಗೆ ಬೆಳಕು ಬರುತ್ತದೆ ಅಂತ ನಾನು ಬರೆದದ್ದು ನೀವು ಕಳಿಸಿದ 7.40ರ ಫೋಟೊ ನೋಡಿ. ಅದು ನೀವು ಸುಮ್ಮನೆ ತೆಗೆದ ಫೋಟೊ ಇರಬಹುದು, ಆದರೆ ಮೊದಲು ಹಾಕಬೇಕಾದದ್ದು ಅದೇ. ಎರಡನೆಯದು ಚಿಕ್ಕ ರೂಮಿನದಾಗಲಿ, ಬಾಗಿಲಲ್ಲಿ ನಿಂತು ಸಾದಾ ತೆಗೆದದ್ದು. ಫೋನಿನ ವೈಡ್ ಲೆನ್ಸ್‌ನಲ್ಲಿ ತೆಗೆದರೆ 9 ಅಡಿ ರೂಮು 14 ಅಡಿಯ ಹಾಗೆ ಕಾಣುತ್ತದೆ, ನೀವು ಅಳತೆ ಬರೆದು ಗಳಿಸಿದ ನಂಬಿಕೆ ಅಲ್ಲೇ ಹೋಗುತ್ತದೆ. ಮೆಟ್ಟಿಲಿನ ಫೋಟೊ ಒಂದಿರಲಿ. ಬಾತ್‌ರೂಮಿನ ನಲ್ಲಿಯ ಕಲೆ ವಿನೆಗರ್ ಹಚ್ಚಿ ಉಜ್ಜಿದರೆ ಸುಮಾರಾಗಿ ಹೋಗುತ್ತದೆ, ಉಜ್ಜಿದ ಮೇಲೆ ಹೊಸದಾಗಿ ತೆಗೆಯಿರಿ.

ಹಾಕಿದ ಮೇಲೆ ಫೋನುಗಳನ್ನು ಗಮನಿಸಿ. ಮೂರು ಜನ ಒಂದೇ ಪ್ರಶ್ನೆ ಕೇಳಿದರೆ ಅದರ ಉತ್ತರ ಜಾಹೀರಾತಿನಲ್ಲಿ ಇಲ್ಲ ಅಂತ ಅರ್ಥ, ಅದೇ ರಾತ್ರಿ ಸೇರಿಸಿ. ನಿಮ್ಮ ಕಟ್ಟಡದಲ್ಲಿ ಮೊಬೈಲ್ ಸಿಗ್ನಲ್, ಫೈಬರ್ ಇಂಟರ್ನೆಟ್ ಬಗ್ಗೆ ಖಂಡಿತ ಕೇಳುತ್ತಾರೆ. ಪಕ್ಕದ ಮನೆಯವರು ಯಾವ ಕನೆಕ್ಷನ್ ಹಾಕಿಸಿದ್ದಾರೆ, ಚಿಕ್ಕ ರೂಮಿನ ಒಳಗೆ ಬಾಗಿಲು ಹಾಕಿಕೊಂಡು ಫೋನ್ ಮಾಡಿದರೆ ಮಾತು ಕೇಳುತ್ತದಾ ಅಂತ ನೋಡಿಟ್ಟುಕೊಳ್ಳಿ. ಒಂದು ವಾರ ಫೋನೇ ಬರದಿದ್ದರೆ ಬರಹ ಬದಲಾಯಿಸಬೇಡಿ. ಆಗ ಬಾಡಿಗೆ ಜಾಸ್ತಿಯಾಗಿರಬಹುದು, ಅದೇ ಬೀದಿಯ ಇಂಥದ್ದೇ ಮನೆಗಳಿಗೆ ಎಷ್ಟಿದೆ ನೋಡಿ. ಬಂದು ನೋಡಿದವರು ಮತ್ತೆ ಸುಮ್ಮನಾದರೆ, ಒಬ್ಬರಿಗೆ ನೀವೇ ಫೋನ್ ಮಾಡಿ ‘ಮನೆ ಯಾಕೆ ಬೇಡ ಅನಿಸಿತು, ಬೇಜಾರಿಲ್ಲ, ಹೇಳಿ’ ಅಂತ ಕೇಳಿ. ಹೆಚ್ಚಿನವರು ಹೇಳುತ್ತಾರೆ, ಅವರು ಹೇಳಿದ್ದನ್ನು ಜಾಹೀರಾತಿನಲ್ಲಿ ಅದರ ಜಾಗದಲ್ಲಿ ಸೇರಿಸಿ.

ಯಾರಾದರೂ ಅಡ್ವಾನ್ಸ್ ಕೊಟ್ಟ ದಿನವೇ ಜಾಹೀರಾತು ತೆಗೆದುಬಿಡಿ. ಬರಹವನ್ನು ಮಾತ್ರ ಫೋನಿನಲ್ಲಿ ಇಟ್ಟುಕೊಂಡು, ಕರಾರಿಗೆ ಸಹಿ ಹಾಕುವ ಮೊದಲು ಬಂದವರ ಜೊತೆ ಕೂತು ಇನ್ನೊಮ್ಮೆ ಓದಿ. ಪೇಂಟಿಂಗ್ ಹಣ, ನೋಟಿಸ್, ಗೇಟಿನ ಕೀ, ಅಡ್ವಾನ್ಸ್ ವಾಪಸ್ ಕೊಡುವ ದಿನ, ಇವು ಜಾಹೀರಾತಿನಲ್ಲಿ ಇದ್ದ ಹಾಗೇ ಕರಾರಿನಲ್ಲೂ ಇವೆಯಾ ಅಂತ ಇಬ್ಬರೂ ಸೇರಿ ನೋಡಿಕೊಳ್ಳಿ.